ಓಜೋನ್: ಚಿತ್ರ ಎರಡು, ಅಣು ಒಂದೇ

"ಓಜೋನ್‌ಗೆ ಎರಡು ರಚನೆ ಬರೆಯುತ್ತಾರೆ. ಅಣು ಅವೆರಡರ ನಡುವೆ ಅದಲು ಬದಲು ಆಗ್ತಾ ಇರುತ್ತಾ?"

ಇಲ್ಲ. ಓಜೋನ್ ಅಣುವಿನಲ್ಲಿ ಮೂರು ಆಕ್ಸಿಜನ್ ಪರಮಾಣು, ನಡುವಿನದಕ್ಕೆ ಎರಡು ಬದಿ ಎರಡು ಬಂಧ. ಒಂದು ಚಿತ್ರದಲ್ಲಿ ಜೋಡಿ ಬಂಧ ಎಡಕ್ಕೆ, ಒಂಟಿ ಬಂಧ ಬಲಕ್ಕೆ; ಇನ್ನೊಂದರಲ್ಲಿ ತಿರುಗುಮುರುಗು. ಈಗ ಬಂಧದ ಉದ್ದ ನೋಡಿ. ಎರಡು ಆಕ್ಸಿಜನ್ ನಡುವಿನ ಒಂಟಿ ಬಂಧ ಸುಮಾರು 148 ಪಿಕೋಮೀಟರ್, ಜೋಡಿ ಬಂಧ 121. ಚಿತ್ರದಲ್ಲಿರುವುದೇ ನಿಜವಾಗಿದ್ದರೆ ಓಜೋನ್‌ನಲ್ಲಿ ಒಂದು ಉದ್ದ, ಒಂದು ಗಿಡ್ಡ ಸಿಗಬೇಕಿತ್ತು, ಅಲ್ವಾ? ಅಳೆದರೆ ಎರಡೂ ಸುಮಾರು 128.

ಜೋಡಿ ಬಂಧದ ಎರಡನೇ ಎಲೆಕ್ಟ್ರಾನ್ ಜೋಡಿ ಒಂದೇ ಬದಿಗೆ ಅಂಟಿಕೊಂಡಿಲ್ಲ. ಮೂರೂ ಪರಮಾಣುಗಳ ಮೇಲೆ ಹರಡಿಕೊಂಡಿದೆ, ಹರಡಿದರೆ ಅದರ ಶಕ್ತಿ ಕಡಿಮೆಯಾಗುತ್ತದೆ. ಹಾಗಾಗಿ ಒಂದೊಂದು ಕಡೆ ಒಂದೂವರೆ ಬಂಧ. ನಾವು ಗೆರೆ ಎಳೆಯುವ ಪದ್ಧತಿಯಲ್ಲಿ ಅರ್ಧ ಗೆರೆ ಇಲ್ಲ, ಅದಕ್ಕೇ ಎರಡು ಚಿತ್ರ. ತೊಂದರೆ ನಮ್ಮ ಪೆನ್ನಿನದು, ಅಣುವಿನದಲ್ಲ!

ಮಲ್ಲೇಶ್ವರದಲ್ಲಿ ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿ ಕುಡಿಯುತ್ತೀರಿ. ಒಂದು ಗುಟುಕು ಕಾಫಿ, ಮುಂದಿನ ಗುಟುಕು ಚಿಕೋರಿ ಅಂತ ಬರುವುದಿಲ್ಲ. ಆದರೆ ಈ ಹೋಲಿಕೆ ಪೂರ್ತಿ ಸರಿಯಲ್ಲ. ಚಿಕೋರಿ ಪುಡಿ ಬೇರೆಯಾಗಿ ಸಿಗುತ್ತದೆ, ಓಜೋನ್‌ನ ಆ ಎರಡು ರಚನೆಗಳು ಕಾಗದದ ಆಚೆ ಎಲ್ಲೂ ಇಲ್ಲ.

ಒಂದು ಕಾರ್ಬನ್‌ಗೆ ಮೂರು ಆಕ್ಸಿಜನ್ ಸೇರಿದ ಕಾರ್ಬೊನೇಟ್‌ಗೆ ಇಂಥ ಚಿತ್ರ ಮೂರು. ಅಲ್ಲೂ ಮೂರು ಬಂಧಗಳ ಉದ್ದ ಒಂದೇ, ಸುಮಾರು 129. ಎರಡು ಋಣ ಆವೇಶವನ್ನು ಮೂರು ಆಕ್ಸಿಜನ್‌ಗಳು ಸಮವಾಗಿ ಹಂಚಿಕೊಂಡಿರುತ್ತವೆ.