ಪ್ರಸ್ತದ ರಾತ್ರಿ ಕೇಳಿದ ಒಂದು ‘ಹೂಂ’

ಪ್ರಶ್ನೆ: ಮುಂದಿನ ತಿಂಗಳು ಮದುವೆ. ಮನೆಯವರು ನೋಡಿದ ಹುಡುಗಿ. ಮೊದಲ ರಾತ್ರಿ ನೆನೆಸಿಕೊಂಡರೆ ಕೈಕಾಲು ತಣ್ಣಗಾಗುತ್ತೆ. ಆ ರಾತ್ರಿ ಅವಳ ಹತ್ತಿರ ಮಾತು ಹೇಗೆ ಶುರು ಮಾಡಲಿ?

ಆ ರಾತ್ರಿ ಶುರು ಮಾಡಬೇಡಿ. ಅಷ್ಟು ಹೊತ್ತಿಗೆ ತಡವಾಗಿರುತ್ತೆ. ನನಗೆ ಆಗಿತ್ತು.

ನಮ್ಮ ಮದುವೆ 2014ರಲ್ಲಿ, ತಿಪಟೂರಿನ ಒಂದು ಛತ್ರದಲ್ಲಿ ಆಯಿತು. ನಿಶ್ಚಿತಾರ್ಥ ಆಗಿ ನಾಲ್ಕು ತಿಂಗಳು ದಿನಾ ಫೋನು. ಊಟ ಆಯ್ತಾ, ಸೀರೆ ತಂದ್ರಾ, ಯಾವ ಸಿನಿಮಾ ನೋಡಿದ್ರಿ. ಇಷ್ಟೇ. ಈ ವಿಷಯ ಎತ್ತಿದರೆ ಹುಡುಗ ಸರಿಯಿಲ್ಲ ಅಂದುಕೊಂಡಾಳು ಅಂತ ನನಗೆ ಭಯ.

ಧಾರೆ ಆಗಿ ಎರಡನೇ ದಿನ, ಅವಳ ತವರಿನಲ್ಲಿ ಪ್ರಸ್ತ. ಪುರೋಹಿತರು ಅದಕ್ಕೂ ಮುಹೂರ್ತ ಇಟ್ಟಿದ್ದರು, ರಾತ್ರಿ 10:20. ಮಂಚದ ತುಂಬ ಮಲ್ಲಿಗೆ, ಬೆಳ್ಳಿ ಲೋಟದಲ್ಲಿ ಕೇಸರಿ ಹಾಲು, ಬಾಗಿಲಾಚೆ ಹೆಂಗಸರ ಕಿಸಿಕಿಸಿ ನಗು. ಚಿಲಕ ಹಾಕಿದ ಸದ್ದು ಇಡೀ ಮನೆಗೆ ಕೇಳಿಸಿತೇನೋ ಅನ್ನಿಸಿತು.

ಕೇಳದೆ ಮುಟ್ಟಬಾರದು ಅಂತ ನನಗೆ ಗೊತ್ತಿತ್ತು. ಕೇಳಿದೆ.

“ಆರಾಮಾಗಿದ್ದೀರಾ?”

“ಹೂಂ.”

“ಪರವಾಗಿಲ್ವಾ?”

“ಹೂಂ.”

ಒಪ್ಪಿಗೆ ಸಿಕ್ಕಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ನೋಡಿದರೆ ಅವಳ ಭುಜ ಸೆಟೆದುಕೊಂಡಿತ್ತು. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯಾಗಿ ಹಿಡಿದಿದ್ದಳು. ಕಣ್ಣಲ್ಲಿ ನೀರು. ನಿಲ್ಲಿಸಿದೆ. ಆದರೆ ಏನಾಯ್ತು ಅಂತ ಕೇಳದೆ ಗೋಡೆ ಕಡೆ ತಿರುಗಿ ಮಲಗಿದೆ. ಇವಳಿಗೆ ನಾನು ಇಷ್ಟವಿಲ್ಲ, ಮನೆಯವರ ಬಲವಂತಕ್ಕೆ ಒಪ್ಪಿದ್ದಾಳೆ ಅಂತ ನನ್ನಷ್ಟಕ್ಕೆ ಕಥೆ ಕಟ್ಟಿಕೊಂಡೆ. ಎರಡೂವರೆಗೆ ಅವಳ ತಮ್ಮಂದಿರು ಮಂಚದ ಕೆಳಗೆ ಅಡಗಿಸಿಟ್ಟಿದ್ದ ಅಲಾರಾಂ ಹೊಡೆಯಿತು. ಇಬ್ಬರೂ ಎಚ್ಚರವಾಗೇ ಇದ್ದೆವು. ಯಾರೂ ನಗಲಿಲ್ಲ.

ಆರು ವಾರ ಹೀಗೇ ಹೋಯಿತು. ಒಂದು ಭಾನುವಾರ ಮಹಡಿ ಮೇಲೆ ಬಟ್ಟೆ ಒಣಹಾಕುವಾಗ ಅವಳೇ ಬಾಯಿಬಿಟ್ಟಳು. “ರೀ, ಆವತ್ತು ಬೇಡ ಅಂತ ಹೇಗೆ ಹೇಳಲಿ? ಬಾಗಿಲಾಚೆನೇ ದೊಡ್ಡಮ್ಮ ಇದ್ರು.” ಮದುವೆ ಹೊತ್ತಿಗೆ ಮುಟ್ಟಾಗಬಾರದು ಅಂತ ಮನೆಯಲ್ಲಿ ಮಾತ್ರೆ ಕೊಟ್ಟಿದ್ದರಂತೆ. ಧಾರೆ ಮುಗಿಯಿತಲ್ಲ ಅಂತ ನಿಲ್ಲಿಸಿದ್ದಳು. ಅದನ್ನು ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತೆ. ಆ ರಾತ್ರಿ ಅವಳಿಗೆ ಕಿಬ್ಬೊಟ್ಟೆ ಹಿಂಡುತ್ತಿತ್ತು, ನಾನು ‘ಆರಾಮಾ’ ಅಂತ ಕೇಳುತ್ತಿದ್ದೆ.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ. ಕೇಳಲಿಲ್ಲ ಅನ್ನುವುದಲ್ಲ. ‘ಹೂಂ’ ಬಿಟ್ಟು ಬೇರೆ ಉತ್ತರಕ್ಕೆ ಜಾಗವೇ ಇಲ್ಲದ ಪ್ರಶ್ನೆ ಕೇಳಿದೆ. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟುತ್ತಿದ್ದೆವು, ಅಲ್ವಾ? ಕಥೆ ಒಪ್ಪಿದೆವು ಅಂತಲ್ಲ, ಕೇಳಿಸುತ್ತಿದೆ ಅಂತ ಅಷ್ಟೇ. ಅವಳದ್ದೂ ಅದೇ ಹೂಂ. ಹೊಸ ಮನೆಯವರಿಗೆ ‘ಇಲ್ಲ’ ಅನ್ನಬಾರದು ಅಂತ ಹೇಳಿಸಿಕೊಂಡು ಬಂದ ಹುಡುಗಿ ಇನ್ನೇನು ಅಂದಾಳು?

ಆಮೇಲೂ ಸೇರುವಾಗ ಅವಳಿಗೆ ನೋವಾಗುತ್ತಿತ್ತು. ಇಬ್ಬರೂ ಒಟ್ಟಿಗೆ ಲೇಡಿ ಡಾಕ್ಟರ್ ಹತ್ತಿರ ಹೋದೆವು. ಕಣ್ಣ ಹತ್ತಿರ ಕೈ ತಂದರೆ ರೆಪ್ಪೆ ತಾನಾಗೇ ಮುಚ್ಚುವ ಹಾಗೆ, ಹೆದರಿಕೆಯಾದರೆ ಅಲ್ಲಿನ ಸ್ನಾಯುಗಳೂ ಬಿಗಿದುಕೊಳ್ಳುತ್ತವೆ, ಅದು ಅವಳ ಕೈಯಲ್ಲಿಲ್ಲ, ಬಲವಂತ ಮಾಡಿದಷ್ಟೂ ಮುಂದಿನ ಸಲ ಬಿಗಿತ ಜಾಸ್ತಿ ಅಂದರು. ಇದಕ್ಕೆ ಚಿಕಿತ್ಸೆ ಇದೆ. ಗಂಡಸಿಗೂ ಹೆದರಿಕೆಗೆ ದೇಹ ಕೈಕೊಡುತ್ತೆ, ಅದೂ ಮಾಮೂಲು. ಇನ್ನು ರಕ್ತ ಬರಲೇಬೇಕು ಅನ್ನುವ ಸ್ನೇಹಿತರ ಮಾತು ಸುಳ್ಳು. ಎಷ್ಟೋ ಜನಕ್ಕೆ ಬರುವುದೇ ಇಲ್ಲ.

ಹಾಗಾಗಿ ಈ ವಾರವೇ ಫೋನ್ ಮಾಡಿ. ಮೊದಲು ನಿಮ್ಮ ಭಯ ಹೇಳಿ: “ಪ್ರಸ್ತ ಅಂದ್ರೆ ನನಗೆ ಸ್ವಲ್ಪ ಗಾಬರಿ. ಆವತ್ತು ಸುಮ್ನೆ ಮಾತಾಡಿ ಮಲಗಿದ್ರೂ ನನಗೆ ಓಕೆ. ನಿಮಗೆ ಹೇಗನ್ಸುತ್ತೆ?” ಅವಳು ಸುಮ್ಮನಾದರೆ ಅವತ್ತಿಗೆ ಬಿಡಿ, ವಾರ ಬಿಟ್ಟು ಮತ್ತೆ ಮಾತಾಡಿ. ಮಗು ಈಗಲೇ ಬೇಕಾ ಅನ್ನುವುದನ್ನೂ ಆಗಲೇ ಮಾತಾಡಿ. ಮುಟ್ಟು ಮುಂದೂಡುವ ಮಾತ್ರೆ ಗರ್ಭ ತಡೆಯುತ್ತೆ ಅಂತ ನಂಬಬೇಡಿ, ಅದು ಆ ಕೆಲಸದ್ದಲ್ಲ.

ಕೋಣೆಯಲ್ಲಿ ಕೇಳುವಾಗ ಎರಡು ದಾರಿ ಇಟ್ಟು ಕೇಳಿ. “ಲೈಟ್ ಆರಿಸಿ ಮಲಗೋಣ್ವಾ, ಇಲ್ಲ ಇನ್ನೂ ಸ್ವಲ್ಪ ಹೊತ್ತು ಮಾತಾಡೋಣ್ವಾ?” ಇದಕ್ಕೆ ಹೂಂ ಅಂದರೆ ಸಾಲದು, ಬಾಯಿಬಿಟ್ಟು ಒಂದನ್ನು ಹೇಳಲೇಬೇಕು. ನಾವಿಬ್ಬರು ‘ನೀರು ಬೇಕು’ ಅನ್ನುವುದನ್ನು ಗುರುತು ಮಾಡಿಕೊಂಡಿದ್ದೆವು. ಯಾರೇ ಅಂದರೂ ಅಲ್ಲಿಗೆ ನಿಲ್ಲಿಸಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ. ಎಷ್ಟೋ ತಿಂಗಳು ಮಂಚದ ಪಕ್ಕ ತಂಬಿಗೆ ಇರುತ್ತಿತ್ತು. ಒಂದೆರಡು ಸಲ ನಾನೇ ನೀರು ಕೇಳಿದ್ದೇನೆ.

ಅಂದಹಾಗೆ, ಮಲಗುವ ಮುಂಚೆ ಮಂಚದ ಕೆಳಗೊಮ್ಮೆ ಬಗ್ಗಿ ನೋಡಿ. ಅವಳಿಗೆ ತಮ್ಮಂದಿರಿದ್ದರೆ ಅಲಾರಾಂ ಗ್ಯಾರಂಟಿ.