ಸಹೋದ್ಯೋಗಿಗೆ ಬರೆದ ಉತ್ತರದಲ್ಲಿ ಚುಚ್ಚುಮಾತು ಇದೆಯಾ?

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಆಫೀಸಲ್ಲಿದ್ದೇನೆ. ಕಳಿಸಿದ ಲೆಕ್ಕವನ್ನೇ ಸಹೋದ್ಯೋಗಿ ಮತ್ತೆ ಕೇಳಿದ್ದಾರೆ. ಈ ಉತ್ತರ ಬರೆದಿಟ್ಟಿದ್ದೇನೆ, ಚುಚ್ಚುವ ಹಾಗಿದೆಯಾ? “ಔಟ್‌ಟರ್ನ್ ಲೆಕ್ಕ ಸೋಮವಾರವೇ ಕಳಿಸಿದ್ದೆನಲ್ಲ ಸರ್. ತಾವು ನೋಡಿಲ್ಲವೇನೋ. ಪರವಾಗಿಲ್ಲ, ಮತ್ತೆ ಕಳಿಸುತ್ತಿದ್ದೇನೆ. ಇನ್ನು ಮುಂದಾದರೂ ಮೇಲ್ ನೋಡಿ ಕೇಳಿದರೆ ಉಪಕಾರವಾಗುತ್ತದೆ.”

ಉತ್ತರ: ಇದೆ, ಜಾಸ್ತಿನೇ ಇದೆ. ಬೈಗುಳ ಒಂದೂ ಇಲ್ಲ, ಅದಕ್ಕೇ ನಿಮಗೆ ಅನುಮಾನ ಬಂದಿರೋದು.

ನಾನು ಹಾಸನದಲ್ಲಿ ಇಂಥದ್ದೇ ಆಫೀಸ್ ಕೆಲಸ ಮಾಡ್ತೀನಿ. ಕಳಿಸೋ ಮೊದಲು ಒಂದೊಂದೇ ಮಾತು ತೆಗೆದು ಓದಿ ನೋಡ್ತೀನಿ. ತೆಗೆದರೂ ಆ ಕಡೆಯವರಿಗೆ ಗೊತ್ತಾಗಬೇಕಾದ ವಿಷಯ ಕಮ್ಮಿ ಆಗಲಿಲ್ಲ ಅಂದ್ರೆ, ಆ ಮಾತು ಅಲ್ಲಿ ಬೇರೆ ಕೆಲಸಕ್ಕೆ ಕೂತಿದೆ.

ನಿಮ್ಮದನ್ನೇ ನೋಡಿ. “ಸೋಮವಾರವೇ” ಅನ್ನೋದರಲ್ಲಿ ಸೋಮವಾರ ಬೇಕು, ಆ “ವೇ” ಬೇಡ. “ಕಳಿಸಿದ್ದೆನಲ್ಲ” ಅನ್ನೋದನ್ನ ಎದುರಿಗೆ ನಗ್ತಾ ಹೇಳಿದರೆ ಯಾರೂ ಬೇಜಾರಾಗಲ್ಲ. ಮೇಲ್‌ನಲ್ಲಿ ನಗು ಕಾಣಿಸಲ್ಲವಲ್ಲ, ಜಗಳಕ್ಕೆ ನಿಂತ ಹಾಗೆ ಓದಿಸಿಕೊಳ್ಳುತ್ತೆ. “ಪರವಾಗಿಲ್ಲ” ಅಂದ್ರೆ ಅವರು ಕೇಳದ ಕ್ಷಮೆ ನೀವೇ ಕೊಟ್ಟ ಹಾಗೆ. “ಮುಂದಾದರೂ” ಅಂದಾಗ ಇಷ್ಟು ದಿನದ್ದೆಲ್ಲಾ ತಪ್ಪು ಅಂತ ಒಂದೇ ಏಟಿಗೆ ಹೇಳಿಬಿಟ್ಟಿರಿ. ದಿನಾ “ನೀವು” ಅನ್ನೋ ಮನುಷ್ಯರಿಗೆ ಇದ್ದಕ್ಕಿದ್ದ ಹಾಗೆ “ತಾವು”, “ಉಪಕಾರ” ಅಂದರೂ ಅಷ್ಟೇ. ಅಷ್ಟೊಂದು ಮರ್ಯಾದೆ ಕೊಟ್ಟರೆ ಸಿಟ್ಟು ಬಂದಿದೆ ಅಂತ ನಮ್ಮ ಕಡೆ ಯಾರಿಗಾದರೂ ಗೊತ್ತಾಗುತ್ತೆ.

ಹಾಗಂತ ಸುಮ್ನೆ “ಲಗತ್ತಿಸಿದ್ದೇನೆ” ಅಂತ ಕಳಿಸಬೇಡಿ. ಎರಡನೇ ಸಲ ಫೈಲ್ ಬಂದರೆ ಪ್ಲಾಂಟೇಶನ್ ಎ, ಪಿಬಿ ಅನ್ನೋ ಕಾಫಿ ಗ್ರೇಡ್‌ಗಳ ತೂಕ ಏನಾದರೂ ತಿದ್ದಿರಬಹುದು ಅಂತ ಅವರು ಹಳೆಯದರ ಜೊತೆ ತಾಳೆ ನೋಡ್ತಾ ಕೂರ್ತಾರೆ. ಹಳೇ ಫೈಲೇ ಅಂತ ಹೇಳಲೇಬೇಕು. ನಾನಾದರೆ ಹೀಗೆ ಬರೀತೀನಿ:

“ಸರ್, ನೀವು ಕೇಳಿದ ಔಟ್‌ಟರ್ನ್ ಲೆಕ್ಕ ಇದರ ಜೊತೆಗಿದೆ. ಸೋಮವಾರ ಕಳಿಸಿದ್ದ ಫೈಲೇ ಇದು, ಅಂಕಿ ಏನೂ ಬದಲಾಗಿಲ್ಲ. ಮುಂದಿನ ಲಾಟ್‌ಗಳದ್ದು ಮೇಲ್‌ಗೇ ಕಳಿಸಲಾ, ವಾಟ್ಸಾಪ್‌ಗೂ ಹಾಕಲಾ? ನಿಮಗೆ ಯಾವುದು ಅನುಕೂಲ ಹೇಳಿ.”

ಮೊದಲೇ ಕಳಿಸಿದ್ದೀರಿ ಅನ್ನೋದು ಇದರಲ್ಲೂ ಬಂತು ನೋಡಿ. ನಿಮ್ಮ ದೂರು ಪ್ರಶ್ನೆಯಾಗಿ ಬದಲಾಗಿದೆ, ಅದಕ್ಕೆ ಅವರು ಉತ್ತರ ಕೊಡಬಹುದು. “ಮೇಲ್ ನೋಡಿ” ಅನ್ನೋದಕ್ಕೆ ಏನಂತ ಉತ್ತರ ಕೊಡ್ತಾರೆ?

“ತೊಂದರೆಗೆ ಕ್ಷಮಿಸಿ” ಅಂತ ಕೊನೆಗೆ ಸೇರಿಸೋಕೆ ಹೋಗಬೇಡಿ. ತಪ್ಪು ನಿಮ್ಮದಲ್ಲ ಅಂತ ಇಬ್ಬರಿಗೂ ಗೊತ್ತಿರುವಾಗ ಅದೂ ಕುಹಕವಾಗಿಯೇ ಕೇಳಿಸೋದು. ಮ್ಯಾನೇಜರನ್ನ ಸಿಸಿಯಲ್ಲಿ ಹಾಕೋ ಯೋಚನೆ ಇದ್ದರೆ ಅದನ್ನೂ ಬಿಡಿ, ಅವರು ಕೇಳಿದ ಮೇಲ್‌ನಲ್ಲಿ ಮ್ಯಾನೇಜರ್ ಇರಲಿಲ್ಲ ಅಂದ್ರೆ. ಮಾತು ಎಷ್ಟೇ ಮೆತ್ತಗಿದ್ದರೂ ಆ ಹೆಸರು ಕಂಡ ತಕ್ಷಣ ಅದು ದೂರಿನ ಅರ್ಜಿ ಆಗಿಬಿಡುತ್ತೆ.

ಇದಾದ ಮೇಲೂ ಪದೇ ಪದೇ ಕೇಳಿದರೆ ಮೇಲ್ ಬೇಡ. ಅವರ ಟೇಬಲ್ ಹತ್ತಿರ ಹೋಗಿ “ಸಾರ್, ಒಂದೇ ಲೆಕ್ಕ ಎರಡೆರಡು ಸಲ ಹೋಗ್ತಿದೆ, ಏನ್ಮಾಡೋಣ?” ಅಂತ ನೇರವಾಗಿ ಕೇಳಿ.