ಹದಿನಾಲ್ಕು ಸಾಲಿನ ಶುಭಾಶಯ

ಹುಟ್ಟುಹಬ್ಬಕ್ಕೆ ಏನು ಬರೆಯಲಿ ಎಂದು ಕೇಳಲು ಆಪ್ತಸಲಹೆಗೆ ಬರ್ತಾರಾ ಎಂದು ನಗಬೇಡಿ. ಬರುತ್ತಾರೆ. ಅದಕ್ಕೇ ಇದನ್ನು ಗುರುತು ಮರೆಸಿ ಬರೆಯುತ್ತಿದ್ದೇನೆ.

ಹುಡುಗನಿಗೆ 27 ವರ್ಷ. ಹಳೆಯ ಸಂಬಂಧ ಮುರಿದು ವರ್ಷವಾಗಿತ್ತು. ಹೊಸ ಹುಡುಗಿಯ ಪರಿಚಯವಾಗಿ ಆರು ವಾರ, ಭೇಟಿಯಾಗಿದ್ದು ಐದು ಸಲ. ಗುರುವಾರ ಆಕೆಯ ಹುಟ್ಟುಹಬ್ಬ. ಮಂಗಳವಾರವೇ ಮೆಸೇಜ್ ಬರೆದುಕೊಂಡು ಬಂದಿದ್ದ. 14 ಸಾಲು! ‘ನೀನು ಬಂದ ಮೇಲೆ ನನ್ನ ಬದುಕಿಗೆ ಅರ್ಥ ಬಂತು’, ‘ಇನ್ನು ನಿನ್ನ ಎಲ್ಲ ಹುಟ್ಟುಹಬ್ಬಕ್ಕೂ ನಾನಿರ್ತೀನಿ’.

ಜೋರಾಗಿ ಓದಿಸಿದೆ. ಆಕೆಯ ಬಗ್ಗೆ ಇರುವ ಸಾಲು ಎಷ್ಟಿವೆ ಎಣಿಸಿ ಎಂದೆ. ಮೂರು ಸಿಕ್ಕವು. ಉಳಿದದ್ದೆಲ್ಲ ‘ನನಗೆ’, ‘ನನ್ನ’.

“ಆಕೆ ಏನು ಉತ್ತರ ಕೊಟ್ಟರೆ ನಿಮಗೆ ಸಮಾಧಾನ?”

ಸುಮಾರು ಹೊತ್ತು ಸುಮ್ಮನಿದ್ದ. “ಅವಳೂ ಇಷ್ಟೇ ಹೇಳ್ಬೇಕು ಮೇಡಂ. ಬರೀ ಥ್ಯಾಂಕ್ಸ್ ಅಂದ್ರೆ ನಂಗೆ ನಿದ್ದೆ ಬರಲ್ಲ.”

“ಹಾಗಾದರೆ ಇದು ಪ್ರಶ್ನೆಪತ್ರಿಕೆ” ಎಂದೆ. ಸ್ವಲ್ಪ ಒರಟಾಯಿತೇನೋ. ಆದರೆ ಹುಟ್ಟುಹಬ್ಬದ ದಿನ ಫೋನ್ ತುಂಬ ಶುಭಾಶಯ, ಪಕ್ಕದಲ್ಲಿ ಮನೆಯವರು. ಅದರ ನಡುವೆ ಆಕೆ ಇದಕ್ಕೆ ಏನಂತ ಬರೆಯಬೇಕು? ಅಷ್ಟೇ ಹೇಳಿದರೆ ಸುಳ್ಳಾಗಬಹುದು, ಹೇಳದಿದ್ದರೆ ಇವನಿಗೆ ನೋವು.

“ಮನಸ್ಸಲ್ಲಿರೋದನ್ನ ಮುಚ್ಚಿಡೋದು ಮೋಸ ಅಲ್ವಾ?” ಎಂದು ಕೇಳಿದ. ಮುಚ್ಚಿಡಿ ಎಂದು ನಾನು ಹೇಳಲಿಲ್ಲ. ಎದುರು ಕೂತಾಗ ಹೇಳಿ, ಆಕೆಯ ಮುಖ ನೋಡಿ ನಿಲ್ಲಿಸಲು ಬರುತ್ತದೆ ಎಂದೆ. ಹಾಗಂತ ಬಿಗಿ ಹಿಡಿಯುವುದೂ ಬೇಡ. ಹಿಂದೊಬ್ಬರು ಜಾಸ್ತಿಯಾದೀತೆಂದು ಹೆದರಿ ಬರೀ ಕೇಕಿನ ಚಿತ್ರ ಕಳಿಸಿದ್ದರು. ಇವರಿಗೆ ನಾನು ಲೆಕ್ಕಕ್ಕೇ ಇಲ್ಲ ಎಂದುಕೊಂಡಳಂತೆ ಆ ಹುಡುಗಿ.

ಇಬ್ಬರೂ ಒಟ್ಟಿಗೆ ಕಂಡ ಒಂದು ಗಳಿಗೆ, ಇವತ್ತಿಗೊಂದು ಹಾರೈಕೆ, ಬೇಡ ಅನ್ನಲು ಕಷ್ಟವಾಗದಂಥ ಹತ್ತಿರದ ಒಂದು ಭೇಟಿ. ಇಷ್ಟು ಸಾಕು ಎಂದೆ. ಅವನೇ ಬರೆದ:

“ಹ್ಯಾಪಿ ಬರ್ತ್‌ಡೇ! ಅವತ್ತು ಮಳೆಗೆ ಬಸ್‌ಸ್ಟಾಪಲ್ಲಿ ನಿಂತು ನೀನು ಹೇಳಿದ ಅಜ್ಜಿ ಕಥೆ ನೆನೆಸಿಕೊಂಡ್ರೆ ಈಗ್ಲೂ ನಗು ಬರುತ್ತೆ. ನಿನ್ನ ಜೊತೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಇವತ್ತು ಮನೆಯವರ ಜೊತೆ ಮಜಾ ಮಾಡು. ಭಾನುವಾರ ಬಿಡುವಿದ್ರೆ ಬೆಣ್ಣೆ ದೋಸೆ, ಬಿಲ್ ನಂದು.”

‘ಬಿಡುವಿದ್ರೆ’ ಅವನದೇ ಪದ. ನನಗೆ ತುಂಬ ಹಿಡಿಸಿತು.

ರಾತ್ರಿ ಹನ್ನೆರಡಕ್ಕೆ ಆಕೆಯ ಫೋಟೊ ಸ್ಟೇಟಸ್ ಹಾಕುವ ಯೋಚನೆಯೂ ಇತ್ತು. ಮನೆಯಲ್ಲಿ ಆಕೆ ವಿಷಯ ಹೇಳಿದ್ದಾಳಾ ಎಂದೆ. ಗೊತ್ತಿಲ್ಲ ಎಂದ. ಸ್ಟೇಟಸ್ ಅಲ್ಲಿಗೆ ಬಿಟ್ಟೆವು.

ಶುಕ್ರವಾರ ಮತ್ತೆ ಬಂದವನು ಫೋನ್ ತೋರಿಸಿದ. “ಥ್ಯಾಂಕ್ಯೂ! ಭಾನುವಾರ ಆಗಲ್ಲ, ಶನಿವಾರ ಹೋಗೋಣ್ವಾ?”

“ಒಂದು ಹಾರ್ಟ್ ಕೂಡ ಇಲ್ಲ ಮೇಡಂ” ಎಂದ.

“ಶನಿವಾರ ಇದೆಯಲ್ಲ” ಎಂದೆ.